ಮನೆಯವರೆಲ್ಲ ಕೂತು ಮಾತಾಡುವ ಬಗ್ಗೆ

ಅಂಕಲ್, ಆಂಟಿ, ಇಬ್ಬರಿಗೂ ನಮಸ್ಕಾರ. ನಾನು ತಿಪಟೂರಿನ ನವೀನ್.

ಸುಮಾ ನನ್ನ ಬಗ್ಗೆ ಮನೆಯಲ್ಲಿ ಹೇಳಿದ್ದಾಳೆ ಅಂತ ಗೊತ್ತಾಯಿತು. ಅವಳೊಬ್ಬಳೇ ಹೇಳಿ, ನಾನು ಸುಮ್ನೆ ಇರೋದು ಸರಿಯಲ್ಲ ಅನ್ನಿಸಿತು. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ, ಧೈರ್ಯ ಸಾಲಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಮದುವೆಯಾಗಬೇಕು ಅಂದುಕೊಂಡಿದ್ದೇವೆ. ಆದರೆ ನೀವು ಒಪ್ಪಿ ಆಶೀರ್ವಾದ ಮಾಡಿದರೆ ಮಾತ್ರ ಮುಂದಿನ ಮಾತು. ನಿಮಗೆ ನಮ್ಮ ಮನೆಯವರ ಪರಿಚಯವೇ ಇಲ್ಲ. ನಮ್ಮನ್ನು ನೋಡದೆ ಹೂಂ ಅನ್ನಿ ಎಂದು ಕೇಳುವುದು ತಪ್ಪು, ಅಲ್ವಾ?

ನಮ್ಮ ಅಪ್ಪ, ಅಮ್ಮನಿಗೆ ಎಲ್ಲಾ ಹೇಳಿದ್ದೇನೆ. ಆಷಾಢ ಶುರುವಾಗುವ ಮೊದಲು ಒಂದು ಭಾನುವಾರ ಸಾಗರಕ್ಕೆ ಬಂದು ನಿಮ್ಮನ್ನು ಕಾಣಬೇಕು ಅಂತ ಅವರ ಆಸೆ. ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಸೋದರಮಾವ ಮತ್ತು ನಾನು. ಇದು ಹೆಣ್ಣು ನೋಡುವ ಶಾಸ್ತ್ರ ಅಲ್ಲ, ಪರಿಚಯ ಅಷ್ಟೇ. ದಯವಿಟ್ಟು ಊಟ-ತಿಂಡಿ ಅಂತ ಆಂಟಿ ಜಾಸ್ತಿ ಓಡಾಡುವುದು ಬೇಡ. ನೀವು ಜಾತಕ ನೋಡುವುದಾದರೆ ನನ್ನದನ್ನೂ ತರುತ್ತೇವೆ.

ಮಳೆ ಹಿಡಿಯುವ ಮುಂಚೆ ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿ ಇರುತ್ತದೆ ಎಂದು ಸುಮಾ ಹೇಳಿದಳು. ಹಾಗಾಗಿ ನಿಮಗೆ ಬಿಡುವಾಗುವ ದಿನ ನೀವೇ ಹೇಳಿ. ಅಜ್ಜಿಯನ್ನೂ ದೊಡ್ಡಪ್ಪನವರನ್ನೂ ಕೇಳಿಯೇ ತಿಳಿಸಿ, ಅವಸರವಿಲ್ಲ. ಅಂಕಲ್ ಒಪ್ಪಿದರೆ ನಮ್ಮ ಅಪ್ಪನೇ ಫೋನ್ ಮಾಡಿ ಮಾತಾಡುತ್ತಾರೆ. ಹಿರಿಯರು ಹಿರಿಯರ ಹತ್ತಿರ ಕೇಳುವುದೇ ಚೆಂದ.

ಬರೆದದ್ದರಲ್ಲಿ ತಪ್ಪಿದ್ದರೆ ಕ್ಷಮಿಸಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನವೀನ್