ಎಂಟು ವಾರ, 800 ಮೀಟರ್: ಪುಟ್ಟಿಗೆ ಓಟದ ಪ್ಲ್ಯಾನ್

ಪುಟ್ಟಿ, ಡಿಸೆಂಬರ್ ಮೊದಲ ಶನಿವಾರ ನಿನ್ನ ಶಾಲೆಯ ಸ್ಪೋರ್ಟ್ಸ್. ಇವತ್ತಿನಿಂದ ಸರಿಯಾಗಿ ಎಂಟು ವಾರ. ಇದನ್ನು ಪ್ರಿಂಟ್ ತೆಗೆದು ಕಪಾಟಿನ ಬಾಗಿಲಿಗೆ ಅಂಟಿಸು.

ಮೊದಲೇ ಹೇಳುತ್ತೇನೆ, ಇದರಲ್ಲಿ ಜೋರಾಗಿ ಓಡುವುದು ತುಂಬಾ ಕಡಿಮೆ. 800 ಮೀಟರ್‌ ಓಟಕ್ಕೆ ಬೇಕಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಸಿರಾಡಿದ ಗಾಳಿಯಿಂದಲೇ ಬರುತ್ತದೆ. ಆ ದಮ್ಮು ಬೆಳೆಯುವುದು ನಿಧಾನದ ಓಟದಲ್ಲಿ. ಎಷ್ಟು ನಿಧಾನ? ಓಡುತ್ತಾ ಏಳರ ಮಗ್ಗಿ ತಡವರಿಸದೆ ಹೇಳಲು ಆಗಬೇಕು. ಏಳ್ನಾಲ್ಕಕ್ಕೇ ಏದುಸಿರು ಬಂದರೆ ನಿನ್ನ ವೇಗ ಜಾಸ್ತಿ ಆಯಿತು. ಪಕ್ಕದಲ್ಲಿ ಯಾರೋ ಅಜ್ಜ ನಿನ್ನನ್ನು ದಾಟಿ ಹೋದರೆ ಹೋಗಲಿ ಬಿಡು.

ಓಟ ಸೋಮವಾರ, ಬುಧವಾರ, ಶನಿವಾರ, ಬೆಳಿಗ್ಗೆ ಆರೂವರೆಗೆ. ಅಕ್ಟೋಬರ್‌ನಲ್ಲಿ ಪುಣೆಯ ಬಿಸಿಲು ಎಂಟರ ಹೊತ್ತಿಗೇ ಚುರುಕು, ಅದಕ್ಕೆ ಬೇಗ. ಓಟದ ಮೊದಲು ಐದು ನಿಮಿಷ ಬಿರುಸಿನ ನಡಿಗೆ, ಆಮೇಲೆ ಐದು ನಿಮಿಷ ಸುಮ್ನೆ ನಡಿಗೆ. ಉಳಿದ ದಿನ ಸೈಕಲ್, ಹಗ್ಗದಾಟ, ಏನಾದರೂ ಸರಿ. ಭಾನುವಾರ ಮಾತ್ರ ಪೂರ್ತಿ ರಜೆ.

ಮೊದಲ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 7 ಸಲ.
ಎರಡನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ.
ಮೂರನೇ ವಾರ: 4 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ. ಪರೀಕ್ಷೆ ಇದ್ದರೆ ಬುಧವಾರದ್ದು ಬಿಡು. ಅದನ್ನು ಗುರುವಾರ ತುಂಬಿಸಲು ಹೋಗಬೇಡ.
ನಾಲ್ಕನೇ ವಾರ: 10 ನಿಮಿಷ ಓಟ, 2 ನಿಮಿಷ ನಡಿಗೆ, ಮತ್ತೆ 8 ನಿಮಿಷ ಓಟ.

ಐದನೇ ವಾರ ದೀಪಾವಳಿ, ಧಾರವಾಡಕ್ಕೆ ಹೋಗುತ್ತೀರಲ್ಲ. ಬೂಟು ಮರೆಯಬೇಡ. ಎರಡೇ ದಿನ ಓಡು, 15 ನಿಮಿಷ, ನಡುವೆ ನಿಲ್ಲದೆ. ಪಟಾಕಿಯ ಹೊಗೆ ಇನ್ನೂ ಕವಿದಿರುವ ಬೆಳಿಗ್ಗೆ ಹೊರಗೆ ಓಡುವುದು ಬೇಡ. ಕರದಂಟು, ಚಕ್ಕುಲಿ ತಿನ್ನು, ಆದರೆ ಓಟ ಮುಗಿದ ಮೇಲೆ.

ಆರನೇ ವಾರದಿಂದ ಆಟ ಬದಲು. ಸೋಮವಾರ 20 ನಿಮಿಷ ನಿಧಾನ. ಬುಧವಾರ ಶಾಲೆಯ ಮೈದಾನದಲ್ಲಿ 200 ಮೀಟರ್ ಚುರುಕಾಗಿ ಓಡಿ, 200 ನಡಿ. ನಾಲ್ಕು ಸಲ ಸಾಕು. ಐದನೆಯದು ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸು. ಶನಿವಾರ ನಾನು ಬರುತ್ತೇನೆ, ವೇತಾಳ ಟೇಕಡಿಗೆ ಹೋಗೋಣ. ಸಣ್ಣ ಏರಿನಲ್ಲಿ 30 ಸೆಕೆಂಡ್ ಮೇಲಕ್ಕೆ ಓಟ, ಇಳಿಯುವಾಗ ನಡಿಗೆ, ಆರು ಸಲ. ಅಲ್ಲಿ ಕಲ್ಲು ಜಾರುತ್ತವೆ, ಇಳಿಯುತ್ತಾ ಓಡಿದರೆ ಮಂಡಿಗೂ ಕಷ್ಟ. ಒಬ್ಬಳೇ ಹೋಗಕೂಡದು.

ಏಳನೇ ವಾರವೇ ಎಲ್ಲಕ್ಕಿಂತ ಗಟ್ಟಿ. ಸೋಮವಾರ 25 ನಿಮಿಷ ನಿಧಾನ. ಬುಧವಾರ 400 ಮೀಟರ್ ಎರಡು ಸಲ, ನಡುವೆ 5 ನಿಮಿಷ ನಡಿಗೆ. ಒಂದೊಂದೂ 1 ನಿಮಿಷ 40 ಸೆಕೆಂಡಿಗೆ ಮುಗಿಯಲಿ, ಅದಕ್ಕಿಂತ ಬೇಗ ಬೇಡ. ಇದೇ ಲೆಕ್ಕದಲ್ಲಿ ಸ್ಪರ್ಧೆಯ ದಿನ 3 ನಿಮಿಷ 20 ಸೆಕೆಂಡ್. ಶನಿವಾರ 20 ನಿಮಿಷ ನಿಧಾನ.

ಎಂಟನೇ ವಾರ ಕೈ ಕಟ್ಟಿ ಕೂರುವುದೇ ಕಷ್ಟ. ಸೋಮವಾರ 15 ನಿಮಿಷ, ಬುಧವಾರ 200 ಮೀಟರ್ ಎರಡೇ ಸಲ. ಗುರುವಾರ, ಶುಕ್ರವಾರ ಏನೂ ಇಲ್ಲ. ಈ ವಾರ ಜಾಸ್ತಿ ಓಡಿದರೂ ಹೊಸದಾಗಿ ದಮ್ಮು ಬರುವುದಿಲ್ಲ, ಕಾಲು ದಣಿಯುತ್ತದೆ ಅಷ್ಟೇ.

ನೋವಿನ ವಿಷಯ ಅಮ್ಮನೂ ಓದಲಿ. ತೊಡೆ, ಮೀನಖಂಡ ಎರಡೂ ಕಾಲಲ್ಲಿ ಬಿಗಿದರೆ ಮಾಮೂಲಿ, ಎರಡು ದಿನಕ್ಕೆ ಹೋಗುತ್ತದೆ. ಆದರೆ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ, ಹಿಮ್ಮಡಿಯಲ್ಲಿ ಅಥವಾ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವಿದ್ದರೆ ಓಟ ಬಂದ್. ಬೆಳೆಯುವ ವಯಸ್ಸಿನಲ್ಲಿ ಅಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ವಿಶ್ರಾಂತಿಗೂ ಕಡಿಮೆಯಾಗದಿದ್ದರೆ ಡಾಕ್ಟರ್. ಓಡುವಾಗ ಎದೆ ನೋವು, ತಲೆ ಸುತ್ತು, ಶಿಳ್ಳೆಯಂಥ ಉಸಿರು ಬಂದರೆ ಆ ದಿನವೇ ತೋರಿಸಬೇಕು. ಜ್ವರದಲ್ಲಿ ಓಟವಿಲ್ಲ. ಮುಟ್ಟಿನ ದಿನ ಮನಸ್ಸಿದ್ದರೆ ಓಡು, ಹೊಟ್ಟೆನೋವಿದ್ದರೆ ನಡಿ.

ಓಟದ ಮೊದಲು ಅರ್ಧ ಬಾಳೆಹಣ್ಣು, ನೀರು. ಆಮೇಲೆ ಅವಲಕ್ಕಿ, ಮೊಟ್ಟೆ, ರೊಟ್ಟಿ, ಶೇಂಗಾ ಹಿಂಡಿ, ಮನೆಯಲ್ಲಿ ಇರುವುದೇ ಸಾಕು. ಪ್ರೋಟೀನ್ ಡಬ್ಬಿಗೆ ದುಡ್ಡು ಹಾಕಬೇಡಿ. ರಾತ್ರಿ ಒಂಬತ್ತೂವರೆಗೆ ಮೊಬೈಲ್ ಅಮ್ಮನ ಕೈಗೆ, ಎಂಟು ಗಂಟೆಗಿಂತ ಕಡಿಮೆ ನಿದ್ದೆ ಆಗಕೂಡದು.

ಸ್ಪರ್ಧೆಯ ದಿನ ಸೀಟಿ ಊದಿದ ಕೂಡಲೇ ಎಲ್ಲರೂ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತಾರೆ. ನೀನು ಮೊದಲ 200 ಮೀಟರ್‌ಗೆ 50 ಸೆಕೆಂಡ್ ತಗೋ, ಹಿಂದೆ ಉಳಿದರೂ ಪರವಾಗಿಲ್ಲ. ಎರಡನೇ ಸುತ್ತಿನಲ್ಲಿ ಅವರಲ್ಲಿ ಅರ್ಧ ಜನ ಸುಸ್ತಾಗುತ್ತಾರೆ. ತಿರುವಿನಲ್ಲಿ ಹೊರಗಿನಿಂದ ದಾಟಿದರೆ ದೂರ ಜಾಸ್ತಿ, ಆದ್ದರಿಂದ ನೇರ ದಾರಿ ಬಂದಾಗ ದಾಟು. ಗೆರೆ ಮುಟ್ಟಿದ ಮೇಲೆ ಧೊಪ್ಪೆಂದು ಕೂರಬೇಡ, ನಡೆಯುತ್ತಿರು. ನೀರಿನ ಬಾಟಲಿ ಹಿಡಿದು ಕಾಕಾ ಅಲ್ಲೇ ನಿಂತಿರುತ್ತಾನೆ.