ಏಳನೇ ಮನೆಯ ಶನಿ

ರಶ್ಮಿ,

ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. "ಅಣ್ಣಾ, ಜಾತಕದಲ್ಲಿ ಮದುವೆ ಇದೆಯಾ ಇಲ್ವಾ, ಅಷ್ಟು ಹೇಳಿಬಿಡು" ಅಂತ ಕೇಳಿದ್ದೀಯ. ಇದೆ. ಈಗ ನೀರು ಕುಡಿದು ಉಳಿದದ್ದು ಓದು.

ಬೆಳಗ್ಗೆ ಎದ್ದು ಕುಂಡಲಿ ಹೊಸದಾಗಿ ಹಾಕಿದೆ. 1992 ನವೆಂಬರ್ 24, ರಾತ್ರಿ ಹತ್ತೂವರೆ, ಹಾಸನ. ಕಟಕ ಲಗ್ನ, ವೃಶ್ಚಿಕ ರಾಶಿ, ಅನೂರಾಧಾ ನಕ್ಷತ್ರ. ಚಿಕ್ಕಮ್ಮ ಹೇಳುವ ಹೊತ್ತು ಕಾಲು ಗಂಟೆ ಆಚೀಚೆ ಆದರೂ ಲಗ್ನ ಬದಲಾಗುವುದಿಲ್ಲ. ರಾಶಿಯನ್ನು ಒಂಬತ್ತು ಭಾಗ ಮಾಡಿ ನೋಡುವ ನವಾಂಶ ಮಾತ್ರ ಬದಲಾಗಿಬಿಡುತ್ತದೆ. ಹಾಗಾಗಿ ನವಾಂಶ ಹಿಡಿದು ಯಾರಾದರೂ ಗಂಡನ ಬಣ್ಣ, ಎತ್ತರ ಹೇಳಿದರೆ ಸುಮ್ನೆ ಕೇಳಿ ಬಿಟ್ಟುಬಿಡು.

ನಿನಗೆ ಹೆದರಿಕೆ ಹುಟ್ಟಿಸಿರುವುದು ಏಳನೇ ಮನೆಯ, ಅಂದರೆ ಮದುವೆಯ ಮನೆಯ ಶನಿ. ನೀವು ಜಾತಕ ತೋರಿಸಿದ ಜ್ಯೋತಿಷಿ ಅಷ್ಟೇ ಹೇಳಿ ನಿಲ್ಲಿಸಿದ್ದಾರೆ, ಅಲ್ವಾ? ನಿನ್ನ ಏಳನೇ ಮನೆ ಮಕರ. ಅದು ಶನಿಯ ಸ್ವಂತ ಮನೆ. ಅವನು ಅಲ್ಲಿಗೆ ಬಂದು ವಕ್ಕರಿಸಿಕೊಂಡವನಲ್ಲ, ಮನೆಯ ಯಜಮಾನನೇ. ಸಾಲದ್ದಕ್ಕೆ ಏಳನೇ ಮನೆಯಲ್ಲಿ ಶನಿಗೆ ದಿಗ್ಬಲ, ಅಂದರೆ ಆ ಜಾಗದಿಂದಲೇ ಬರುವ ಬಲ. ಏಳರಂಥ ಕೇಂದ್ರ ಮನೆಯಲ್ಲಿ ಸ್ವಕ್ಷೇತ್ರದ ಶನಿ ಇದ್ದರೆ ಶಶ ಯೋಗ ಅನ್ನುತ್ತಾರೆ, ಒಳ್ಳೆಯ ಯೋಗವೇ. ಕನ್ಯಾದಲ್ಲಿರುವ ಗುರು ಐದನೇ ದೃಷ್ಟಿಯಿಂದ ಅದೇ ಮನೆಯನ್ನು ನೋಡುತ್ತಿದ್ದಾನೆ. ಶನಿ ನಿಧಾನ ಮಾಡುತ್ತಾನೆ, ನಿಜ. ಆದರೆ ತನ್ನ ಮನೆಯನ್ನು ತಾನೇ ಯಾಕೆ ಹಾಳು ಮಾಡಿಕೊಳ್ಳುತ್ತಾನೆ?

ತೊಡಕು ಇಲ್ಲವೇ ಇಲ್ಲ ಅಂತಲೂ ಹೇಳುವುದಿಲ್ಲ. ಲಗ್ನದಲ್ಲಿ ಕುಜ ನೀಚನಾಗಿದ್ದಾನೆ, ಶನಿಗೂ ಅವನಿಗೂ ನೇರ ನೋಟ. ಮದುವೆಗೆ ಕಾರಕನಾದ ಶುಕ್ರ ಆರನೇ ಮನೆಯಲ್ಲಿ. ಮಾತುಕತೆ ಮುಗಿದು ಇನ್ನೇನು ಎಲೆ ಅಡಿಕೆ ಬದಲಿಸಬೇಕು ಅನ್ನುವಾಗ ನಿಂತುಹೋಗುವುದು ಇಂಥ ಜಾತಕದಲ್ಲೇ. ನಿನಗೆ ಎರಡು ಸಲ ಹಾಗಾಗಿದೆ. ಆದರೆ ಕಟಕ ಲಗ್ನಕ್ಕೆ ಕುಜ ಯೋಗಕಾರಕ, ಅಂದರೆ ಒಳ್ಳೆಯದು ಮಾಡುವವನು. ಈ ಲಗ್ನಕ್ಕೆ ಕುಜ ದೋಷ ಹೇಳಬಾರದು ಅನ್ನುವವರು ಬಹಳ ಜನ, ಅಜ್ಜನೂ ಹಾಗೇ ಹೇಳುತ್ತಿದ್ದರು. ಆ ದೋಷಕ್ಕೆ ಪರಿಹಾರ ಅಂತ ಮೊದಲು ಮಡಕೆ ಜೊತೆ ಮದುವೆ ಮಾಡಿಸುವ ಕುಂಭ ವಿವಾಹ, ಮೂವತ್ತೈದು ಸಾವಿರ ಖರ್ಚು ಅಂತ ಆ ಜ್ಯೋತಿಷಿ ಅಂದಿದ್ದಾರಲ್ಲ, ಅದು ಬೇಡ. ಅಡ್ವಾನ್ಸ್ ಕೊಡಬೇಡ ಅಂತ ಚಿಕ್ಕಮ್ಮನಿಗೆ ಇವತ್ತೇ ಹೇಳು.

ಇನ್ನು ಕಾಲದ ಮಾತು. 2011ರ ಕೊನೆಯಿಂದ 2020ರ ಜನವರಿವರೆಗೆ ನಿನಗೆ ಸಾಡೇಸಾತಿ. ಅದರ ನಡುವೆಯೇ ಕೇತು ದೆಸೆ ಶುರುವಾಗಿ ಏಳು ವರ್ಷ ನಡೆಯಿತು. ಎಲ್ಲರೂ "ಇಪ್ಪತ್ತೈದಾಯ್ತು, ಇಪ್ಪತ್ತೆಂಟಾಯ್ತು" ಅಂತ ಎಣಿಸುತ್ತಿದ್ದ ವರ್ಷಗಳೆಲ್ಲ ಅದರಲ್ಲೇ ಕಳೆದವು. ನಿನ್ನ ನಡತೆಯಲ್ಲೋ ಮಾತಲ್ಲೋ ಏನೋ ಕೊರತೆ ಅಂತ ನೀನೇ ಅಂದುಕೊಂಡೆಯಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ. ಈಗ ಶುಕ್ರ ದೆಸೆ ನಡೆಯುತ್ತಿದೆ. 2026ರ ಜೂನ್ ಮೊದಲ ವಾರದಿಂದ ಗುರು ಕಟಕದಲ್ಲಿ ಉಚ್ಚನಾಗಿ ನಿನ್ನ ಲಗ್ನಕ್ಕೇ ಬರುತ್ತಾನೆ, ಅಲ್ಲಿಂದ ಏಳನೇ ಮನೆಯನ್ನು ನೇರ ನೋಡುತ್ತಾನೆ. ವೃಶ್ಚಿಕ ರಾಶಿಗೆ ಅದು ಒಂಬತ್ತನೇ ಮನೆ, ಅಂದರೆ ಗುರುಬಲವೂ ಸೇರಿತು. ಜೂನ್‌ನಿಂದ ಅಕ್ಟೋಬರ್ ಕೊನೆವರೆಗೆ ಬರುವ ಸಂಬಂಧಗಳನ್ನು ಸ್ವಲ್ಪ ಜಾಸ್ತಿ ಮನಸ್ಸಿಟ್ಟು ನೋಡು. ತಾರೀಖು ಹೇಳು ಅಂತ ಮಾತ್ರ ಕೇಳಬೇಡ, ಹೇಳುವವರನ್ನು ನಾನು ನಂಬುವುದಿಲ್ಲ.

ಇನ್ನೊಂದು ವಿಷಯ. ಈ "ವಿವಾಹ ವಿಳಂಬ" ಅನ್ನುವ ಮಾತು ಹುಟ್ಟಿದ್ದು ಯಾವ ಕಾಲದಲ್ಲಿ? ಹೆಣ್ಣುಮಕ್ಕಳಿಗೆ ಕನಿಷ್ಠ ಹದಿನಾಲ್ಕು ಅಂತ ಕಾನೂನು ಬಂದಿದ್ದೇ 1929ರಲ್ಲಿ, ಹದಿನೆಂಟಾಗಿದ್ದು 1978ರಲ್ಲಿ. ಗ್ರಂಥ ಬರೆದವರ ಲೆಕ್ಕದಲ್ಲಿ ಇಪ್ಪತ್ತೂ ತಡವೇ. ಎಂ.ಟೆಕ್ ಮುಗಿಸಿ ಕೆಲಸ ಮಾಡಿಕೊಂಡು ಹಾಸನದ ಮನೆ ಸಾಲ ತೀರಿಸಿದವಳಿಗೆ ಆ ಲೆಕ್ಕ ಹಾಕಿದರೆ ಹೇಗೆ? ನಮ್ಮ ಆಫೀಸಿನಲ್ಲಿ ನಿನ್ನ ವಯಸ್ಸಿನಲ್ಲಿ ಮದುವೆಯಾದವರು ಒಬ್ಬಿಬ್ಬರಲ್ಲ. ಅವರಲ್ಲಿ ಎಷ್ಟು ಜನಕ್ಕೆ ಏಳರಲ್ಲಿ ಶನಿ ಇದೆಯೋ ಯಾರು ನೋಡಿದ್ದಾರೆ!

ಪರಿಹಾರ ಏನಾದರೂ ಬೇಕೇ ಬೇಕು ಅನಿಸಿದರೆ ಶನಿವಾರ ಎಳ್ಳೆಣ್ಣೆ ದೀಪ ಹಚ್ಚು, ಐದು ನಿಮಿಷ ಸುಮ್ಮನೆ ಕೂತಿರು. ನೀಲ ಕಲ್ಲಿನ ಉಂಗುರ ಬೇಡ.

ಕೊನೆಗೆ, ತುಮಕೂರಿನ ಹುಡುಗನ ವಿಚಾರ. ಮೂವತ್ತಾರರಲ್ಲಿ ಹದಿನೇಳು ಗುಣ ಬಂತು, ಹದಿನೆಂಟು ಬೇಕಿತ್ತು ಅಂತ ಬಿಟ್ಟಿರಂತೆ. ಚಿಕ್ಕಮ್ಮ ಫೋನಲ್ಲಿ ಹೇಳಿದರು. ನೀನು ಮಾತ್ರ ಅವನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಯಾಕೆ? ಒಂದು ಗುಣಕ್ಕೆ ಸಂಬಂಧ ಬಿಡುವ ಪದ್ಧತಿ ನಮ್ಮಜ್ಜನಲ್ಲಂತೂ ಇರಲಿಲ್ಲ. ಅವನು ನಿನಗೆ ಇಷ್ಟವಾಗಿದ್ದರೆ ಹುಟ್ಟಿದ ದಿನ, ಹೊತ್ತು, ಊರು ಕಳಿಸು. ಭಾನುವಾರ ನಾನೇ ಹಾಸನಕ್ಕೆ ಬಂದು ಚಿಕ್ಕಪ್ಪನ ಹತ್ತಿರ ಮಾತಾಡುತ್ತೇನೆ. ಇಷ್ಟವಾಗಿಲ್ಲ ಅಂದರೆ ಅದನ್ನೂ ಹೇಳು, ಆಗ ಸುಮ್ನೆ ಊಟಕ್ಕೆ ಬರುತ್ತೇನೆ.

ನಿನ್ನ ಅಣ್ಣ,
ಗಿರೀಶ