ಮಡಚಿದಷ್ಟೂ ದಪ್ಪ

ಗುರುಗಳಿಗೆ ಮತ್ತು ಗೆಳೆಯರಿಗೆ ನಮಸ್ಕಾರ.

ನನ್ನ ಕೈಯಲ್ಲಿರುವುದು ನೋಟ್‌ಬುಕ್ಕಿನ ಒಂದು ಹಾಳೆ. ದಪ್ಪ ಸುಮಾರು 0.1 ಮಿಲಿಮೀಟರ್. ಒಮ್ಮೆ ಮಡಚಿದರೆ 2 ಪದರ, ಮತ್ತೊಮ್ಮೆ ಮಡಚಿದರೆ 4, ಆಮೇಲೆ 8. ಪ್ರತಿ ಸಲವೂ ದುಪ್ಪಟ್ಟು. 10ನೇ ಮಡಿಕೆಗೆ 1024 ಪದರ, ಅಂದರೆ ಸುಮಾರು 10 ಸೆಂಟಿಮೀಟರ್. ಇಷ್ಟೇನಾ ಅಂತ ಅನ್ನಿಸುತ್ತೆ, ಅಲ್ವಾ? 42ನೇ ಮಡಿಕೆಗೆ ಅದು ಸುಮಾರು 4,40,000 ಕಿಲೋಮೀಟರ್! ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. 41ನೇ ಮಡಿಕೆಯವರೆಗೂ ನಾವು ಚಂದ್ರನ ಹತ್ತಿರಕ್ಕೂ ಹೋಗಿರುವುದಿಲ್ಲ, ಅರ್ಧ ದಾರಿ ಸ್ವಲ್ಪ ದಾಟಿರುತ್ತೇವೆ ಅಷ್ಟೇ. ನನಗೆ ತುಂಬಾ ಇಷ್ಟವಾದದ್ದು ಇದೇ.

ಹಾಗಾದರೆ ಮಡಚಿಬಿಡೋಣವೇ? ಆಗುವುದಿಲ್ಲ. ದಪ್ಪ ದುಪ್ಪಟ್ಟಾದಾಗಲೆಲ್ಲ ವಿಸ್ತೀರ್ಣ ಅರ್ಧವಾಗುತ್ತದೆ. ಎ4 ಹಾಳೆಯನ್ನು ಹೇಗೋ 7 ಸಲ ಮಡಚಿದಿರಿ ಅನ್ನಿ, ಉಳಿಯುವುದು ಎರಡು ಬೆರಳಗಲದ ತುಂಡು, ದಪ್ಪ ಮಾತ್ರ ಒಂದು ಸೆಂಟಿಮೀಟರಿಗಿಂತ ಜಾಸ್ತಿ. ಜೊತೆಗೆ ಹೊರಗಿನ ಪದರ ಒಳಗಿನವನ್ನೆಲ್ಲ ಸುತ್ತಿ ಬರಬೇಕು. ಆ ತಿರುವಿಗೇ ಕಾಗದ ಖರ್ಚಾಗಿ, ಮಡಚಲು ಏನೂ ಉಳಿಯುವುದಿಲ್ಲ. ಬಲ ಹಾಕಿದರೆ ಸುಮ್ನೆ ಹರಿಯುತ್ತದೆ.

2002ರಲ್ಲಿ ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ ಈ ಖರ್ಚಿಗೇ ಒಂದು ಸೂತ್ರ ಕಂಡುಹಿಡಿದು, ಸುಮಾರು 1.2 ಕಿಲೋಮೀಟರ್ ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಚಿದರು. ಚಂದ್ರನಿಗೆ ಇನ್ನೂ 30 ಮಡಿಕೆ ಬಾಕಿ!

ಧನ್ಯವಾದಗಳು.